ಮೊಮ್ಮಗು ನೋಡೋಕೆ ಹೋದ ಡೈರೆಕ್ಟರ್: 182 ದಿನದ ಲೆಕ್ಕ ಮತ್ತು ವಿಡಿಯೊ ಮೀಟಿಂಗ್

 

ಹೋದ ಎಪಿಸೋಡ್ ಆದಮೇಲೆ ಒಂದೇ ಥರದ ಮೆಸೇಜ್ ತುಂಬಾ ಜನ ಕಳಿಸಿದ್ರು. "ನಾನು ದುಬೈನಲ್ಲಿದೀನಿ, ಬೆಂಗಳೂರಲ್ಲಿ ಕಂಪನಿ ಮಾಡ್ಬೇಕು, ನಾನೇ ಡೈರೆಕ್ಟರ್ ಆಗಬಹುದಾ?" "ನನ್ನ ಹತ್ರ ಈಗ ಇಂಡಿಯನ್ ಪಾಸ್‌ಪೋರ್ಟ್ ಇಲ್ಲ, ಆಗುತ್ತಾ?" ಚಿಕ್ಕ ಉತ್ತರ: ಆಗಬಹುದು. ಭಾರತದ ಪ್ರೈವೇಟ್ ಲಿಮಿಟೆಡ್ ಕಂಪನಿಗೆ ಡೈರೆಕ್ಟರ್ ಆಗೋಕೆ ಭಾರತದ ಪ್ರಜೆ ಆಗಿರಲೇಬೇಕು ಅಂತ ಕಾಯ್ದೆ ಹೇಳಲ್ಲ. ಅದು ಹೇಳೋದು ಬೇರೆ ಮಾತು. ಆ ಬೇರೆ ಮಾತನ್ನ ಸರಿಯಾಗಿ ಕೇಳಿಸಿಕೊಳ್ಳದೆ ನನ್ನ ಕ್ಲಾಸ್‌ಮೇಟ್ ಒಬ್ಬ ಹೇಗೆ ಸಿಕ್ಕಿಹಾಕ್ಕೊಂಡ ಅನ್ನೋದೇ ಇವತ್ತಿನ ಕತೆ. ಅವನ ಒಪ್ಪಿಗೆ ತಗೊಂಡೇ ಹೇಳ್ತಿದೀನಿ. ಹೆಸರು ಮಾತ್ರ ಬೇಡ ಅಂದ.

ನಾನು ಬಿ.ಕಾಂ ಮುಗಿಸಿ ಎರಡು ವರ್ಷ ಒಬ್ಬ ಕಂಪನಿ ಸೆಕ್ರೆಟರಿ ಆಫೀಸಲ್ಲಿ ಕೆಲಸ ಮಾಡಿದ್ದೆ. ಮಿನಿಟ್ಸ್ ಟೈಪ್ ಮಾಡೋದು, ಫಾರ್ಮ್ ತುಂಬೋದು, ಸಹಿಗೆ ಓಡಾಡೋದು. ಆ ಎರಡು ವರ್ಷದ ಪುಣ್ಯಕ್ಕೆ ಕ್ಲಾಸ್‌ಮೇಟ್‌ಗಳೆಲ್ಲ ನನ್ನ ಅರ್ಧ ಲಾಯರ್ ಅನ್ಕೊಂಡಿದಾರೆ. ನಾನು ಲಾಯರೂ ಅಲ್ಲ, ಸಿಎಸ್ಸೂ ಅಲ್ಲ. ಹಾಗಾಗಿ ನಿಮ್ಮ ಕಂಪನಿ ವಿಷಯಕ್ಕೆ ನಿಮ್ಮ ಸಿಎಸ್ ಹೇಳಿದ್ದೇ ಕೊನೆ ಮಾತು.

2025ರ ಮಾರ್ಚ್ ಮೊದಲ ವಾರ, ರಾತ್ರಿ ಹತ್ತೂವರೆಗೆ ಫೋನ್ ಬಂತು. ಸಿಂಗಾಪುರದಿಂದ. ಅಲ್ಲಿ ಆಗ ರಾತ್ರಿ ಒಂದು ಗಂಟೆ.

"ಮಗಾ, ನಮ್ಮಪ್ಪನ ಪಾಸ್‌ಪೋರ್ಟ್ ಕಾಪಿ ಕೇಳ್ತಿದಾರೆ. ಎಲ್ಲಾ ಪೇಜೂ. ಯಾಕೋ?"

"ಯಾರು ಕೇಳ್ತಿರೋದು?"

"ಇನ್ವೆಸ್ಟರ್ ಲಾಯರ್‌ಗಳು."

ಇವನ ಕಂಪನಿಯ ರಚನೆ ಸ್ವಲ್ಪ ಹೇಳಿಬಿಡ್ತೀನಿ. ಮೇಲೆ ಸಿಂಗಾಪುರದಲ್ಲಿ ಒಂದು ಕಂಪನಿ. ಅದರ ಕೈಕೆಳಗೆ ಬೆಂಗಳೂರಲ್ಲಿ ಒಂದು ಪ್ರೈವೇಟ್ ಲಿಮಿಟೆಡ್, ಇಂಜಿನಿಯರ್‌ಗಳೆಲ್ಲ ಇರೋದು ಅಲ್ಲಿ. ಹೊಸ ಹೂಡಿಕೆ ಬರ್ತಿದ್ದದ್ದು ಸಿಂಗಾಪುರದ ಕಂಪನಿಗೆ. ಆದ್ರೆ ದುಡ್ಡು ಹಾಕೋರು ಕೆಳಗಿನ ಕಂಪನಿಯ ಪೇಪರ್‌ಗಳನ್ನೂ ತಿರುವಿ ಹಾಕ್ತಾರೆ. ಬೆಂಗಳೂರು ಕಂಪನಿಗೆ ಮೂರು ಜನ ಡೈರೆಕ್ಟರ್: ಸಿಂಗಾಪುರದಲ್ಲಿರೋ ನನ್ನ ಫ್ರೆಂಡ್, ಐರ್ಲೆಂಡಿನ ಡಬ್ಲಿನ್‌ನಲ್ಲಿರೋ ಅವನ ಪಾರ್ಟ್‌ನರ್, ಮತ್ತೆ ಫ್ರೆಂಡಿನ ಅಪ್ಪ. ಬ್ಯಾಂಕಲ್ಲಿ ಕೆಲಸ ಮಾಡಿ ರಿಟೈರ್ ಆಗಿ ಹಾಸನದಲ್ಲಿದಾರೆ. ನಾನು ಅಂಕಲ್ ಅಂತೀನಿ.

ಅಂಕಲ್ ಯಾಕೆ ಡೈರೆಕ್ಟರ್? ಇಲ್ಲೇ ಆ ಬೇರೆ ಮಾತು ಬರೋದು. 2013ರ ಕಂಪನಿ ಕಾಯ್ದೆಯ ಸೆಕ್ಷನ್ 149ರ ಮೂರನೇ ಉಪಸೆಕ್ಷನ್ ಪ್ರಕಾರ, ಪ್ರತಿ ಕಂಪನಿಯಲ್ಲೂ ಕನಿಷ್ಠ ಒಬ್ಬ ಡೈರೆಕ್ಟರ್ ಆ ಹಣಕಾಸು ವರ್ಷದಲ್ಲಿ ಒಟ್ಟು 182 ದಿನಕ್ಕೆ ಕಡಿಮೆ ಇಲ್ಲದಂತೆ ಭಾರತದಲ್ಲಿ ಇರಬೇಕು. ಗಮನಿಸಿ, ಪಾಸ್‌ಪೋರ್ಟ್ ಬಣ್ಣದ ಬಗ್ಗೆ ಒಂದು ಪದವೂ ಇಲ್ಲ. ಬೆಂಗಳೂರಲ್ಲಿ ವಾಸ ಇರೋ ಜರ್ಮನ್ ಪ್ರಜೆ ಈ ಲೆಕ್ಕಕ್ಕೆ ಸರಿಹೋಗ್ತಾರೆ. ದುಬೈನಲ್ಲಿ ಕೂತಿರೋ, ಭಾರತದ ಪಾಸ್‌ಪೋರ್ಟ್ ಇರೋ ಮಂಡ್ಯದ ಹುಡುಗ ಸರಿಹೋಗಲ್ಲ. ಲೆಕ್ಕ ಇರೋದು ದಿನದ್ದು, ದೇಹ ಎಲ್ಲಿತ್ತು ಅನ್ನೋದರದ್ದು.

ಫ್ರೆಂಡು ಎಲ್ಲರೂ ಮಾಡೋದನ್ನೇ ಮಾಡಿದ. "ಅಪ್ಪ ಮನೇಲೇ ಇರ್ತಾರಲ್ಲ" ಅಂತ ಅಪ್ಪನ ಸಹಿ ಹಾಕಿಸಿದ. ಆಧಾರ್, ಪ್ಯಾನ್, ಡಿಜಿಟಲ್ ಸಹಿ, ಮುಗೀತು.

ಅಪ್ಪ ಮನೇಲೇ ಇರ್ಲಿಲ್ಲ.

ಇದು ನಮ್ಮೂರುಗಳಲ್ಲಿ ಎಷ್ಟು ಸಾಮಾನ್ಯ ಅಂದ್ರೆ, ಯಾರಿಗೂ ಇದೊಂದು ವಿಷಯ ಅಂತ ಹೊಳೆಯೋದೇ ಇಲ್ಲ. ಫ್ರೆಂಡಿನ ಅಕ್ಕ ನ್ಯೂಜೆರ್ಸಿಯಲ್ಲಿದಾರೆ. 2024ರಲ್ಲಿ ಹೆರಿಗೆ. ಅಂಕಲ್, ಆಂಟಿ ಇಬ್ಬರೂ ಬಾಣಂತನಕ್ಕೆ ಹೋದ್ರು. ಮೇ 12ಕ್ಕೆ ಬೆಂಗಳೂರಿಂದ ವಿಮಾನ ಹತ್ತಿದ್ರು, ನವೆಂಬರ್ 8ಕ್ಕೆ ವಾಪಸ್ ಇಳಿದ್ರು. ಹೆಚ್ಚೂಕಮ್ಮಿ ಆರು ತಿಂಗಳು. ಅಮೆರಿಕದ ವಿಸಿಟರ್ ವೀಸಾದಲ್ಲಿ ಹೋಗೋ ನಮ್ಮ ಅಪ್ಪ ಅಮ್ಮಂದಿರಿಗೆ ಏರ್‌ಪೋರ್ಟಲ್ಲಿ ಸಾಮಾನ್ಯವಾಗಿ ಕೊಡೋ ಅವಧಿ ಅದೇ. ಟಿಕೆಟ್ಟೂ ಅದಕ್ಕೆ ತಕ್ಕ ಹಾಗೇ ಬುಕ್ ಆಗುತ್ತೆ.

ಆ ರಾತ್ರಿ ಫೋನಲ್ಲೇ ಪೇಪರ್ ಪೆನ್ನು ಹಿಡಿದು ಕೂತ್ವಿ. ಹಣಕಾಸು ವರ್ಷ ಅಂದ್ರೆ ಏಪ್ರಿಲ್ 1ರಿಂದ ಮಾರ್ಚ್ 31. 2024-25ರಲ್ಲಿ 365 ದಿನ. ಹೊರಟ ದಿನ, ಬಂದ ದಿನ ಎರಡನ್ನೂ ಭಾರತದ ಲೆಕ್ಕಕ್ಕೇ ಹಾಕಿದ್ವಿ. ಪೂರ್ತಿ ಹೊರಗಿದ್ದದ್ದು ಮೇ 13ರಿಂದ ನವೆಂಬರ್ 7. ಮೇನಲ್ಲಿ 19, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಅಕ್ಟೋಬರ್ 31, ನವೆಂಬರ್‌ನಲ್ಲಿ 7. ಒಟ್ಟು 179. 365ರಲ್ಲಿ 179 ಕಳೆದ್ರೆ 186. ಬೇಕಿದ್ದದ್ದು 182. ನಾಲ್ಕು ದಿನ ಉಳಿದಿತ್ತು.

"ಅಬ್ಬಾ, ಬಚಾವ್" ಅಂದ ಅವನು.

ನಾನೂ ಹಾಗೇ ಅನ್ಕೊಂಡೆ. ಆಮೇಲೆ ಸುಮ್ನೆ ಕೇಳ್ದೆ, "ಮತ್ತೆಲ್ಲೂ ಹೋಗಿಲ್ವಲ್ಲ?"

ಆ ಕಡೆಯಿಂದ ಸದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಫೆಬ್ರವರಿಯಲ್ಲಿ ನನ್ನ ಮನೆಗೆ ಬಂದಿದ್ರು ಮಗಾ."

ಫೆಬ್ರವರಿ 14ಕ್ಕೆ ಸಿಂಗಾಪುರಕ್ಕೆ ಹೋಗಿ 23ಕ್ಕೆ ವಾಪಸ್. ನಡುವೆ ಪೂರ್ತಿ ಎಂಟು ದಿನ. 186ರಲ್ಲಿ ಎಂಟು ಹೋದ್ರೆ 178. ನಾಲ್ಕು ದಿನ ಕಮ್ಮಿ. ಮಗನೇ ಟಿಕೆಟ್ ಮಾಡಿಸಿ, ಅಪ್ಪನ್ನ ಕರೆಸಿ, ತನ್ನ ಕಂಪನಿಯ ಲೆಕ್ಕ ತಪ್ಪಿಸಿದ್ದ. ಮಾರ್ಚ್ 31ರವರೆಗೆ ಅಂಕಲ್ ಹಾಸನ ಬಿಟ್ಟು ಅಲ್ಲಾಡದಿದ್ರೂ 178 ಮೇಲೆ ಹೋಗಲ್ಲ, ಯಾಕಂದ್ರೆ ಉಳಿದ ದಿನಗಳೆಲ್ಲ ಆಗ್ಲೇ ಲೆಕ್ಕದೊಳಗೆ ಸೇರಿವೆ.

ಇದರಲ್ಲಿ ಹೊಟ್ಟೆ ಉರಿಯೋ ವಿಷಯ ಏನು ಗೊತ್ತಾ? ಅದೇ ಆರು ತಿಂಗಳ ಪ್ರವಾಸ ಜನವರಿಯಿಂದ ಜುಲೈವರೆಗೆ ಬಿದ್ದಿದ್ರೆ ಏನೂ ಆಗ್ತಿರ್ಲಿಲ್ಲ. ಉದಾಹರಣೆಗೆ ಜನವರಿ 5ಕ್ಕೆ ಹೊರಟು ಜುಲೈ 4ಕ್ಕೆ ಬಂದ್ರೆ, ಮಾರ್ಚ್ 31ರವರೆಗೆ 85 ದಿನ ಒಂದು ವರ್ಷದ ಖಾತೆಗೆ ಹೋಗುತ್ತೆ, ಉಳಿದ 94 ದಿನ ಮುಂದಿನ ವರ್ಷದ ಖಾತೆಗೆ. ಎರಡೂ ವರ್ಷ ಆರಾಮ. ಇವರ ಪ್ರವಾಸ ಒಂದೇ ಹಣಕಾಸು ವರ್ಷದ ಹೊಟ್ಟೆಯೊಳಗೆ ಕೂತುಬಿಟ್ಟಿತ್ತು. ಆದ್ರೆ ಹೆರಿಗೆ ದಿನಾಂಕವನ್ನ ಕಂಪನಿ ಕಾಯ್ದೆ ನೋಡ್ಕೊಂಡು ಯಾರೂ ಇಟ್ಕೊಳ್ಳಲ್ಲ ಬಿಡಿ.

"ಕೋವಿಡ್ ಟೈಮಲ್ಲಿ ಇದಕ್ಕೆ ವಿನಾಯಿತಿ ಇತ್ತಂತೆ?" ಅಂದ. ಇತ್ತು. 2019-20 ಮತ್ತು 2020-21, ಆ ಎರಡು ಹಣಕಾಸು ವರ್ಷಗಳಿಗೆ ಕಂಪನಿ ವ್ಯವಹಾರಗಳ ಸಚಿವಾಲಯ ಸುತ್ತೋಲೆ ಹೊರಡಿಸಿ, 182 ದಿನ ಆಗದಿದ್ರೂ ಉಲ್ಲಂಘನೆ ಅಂತ ನೋಡಲ್ಲ ಅಂದಿತ್ತು. ಅಷ್ಟೇ. ಇನ್ನೂ ಇದೆ ಅಂತ ನಂಬ್ಕೊಂಡಿರೋರು ಇವತ್ತಿಗೂ ಸಿಕ್ತಾರೆ.

"ಹಾಗಾದ್ರೆ ಮುಂದಿನ ವರ್ಷದಿಂದ ನಾನೇ ಬಂದು 182 ದಿನ ಇದ್ದುಬಿಡ್ತೀನಿ" ಅಂದ. ಬರಬಹುದು. ಆದ್ರೆ ಅದೇ 182 ಅನ್ನೋ ಅಂಕಿ ಆದಾಯ ತೆರಿಗೆಯಲ್ಲೂ ಕೂತಿದೆ. ಆ ವರ್ಷ ಅಷ್ಟು ದಿನ ಇಲ್ಲಿದ್ರೆ ತೆರಿಗೆ ಲೆಕ್ಕದಲ್ಲೂ ಭಾರತದ ನಿವಾಸಿ ಆಗ್ತಾನೆ, ಸಿಂಗಾಪುರದ ಸಂಬಳದ ಪ್ರಶ್ನೆ ಇಲ್ಲಿಗೂ ಬರುತ್ತೆ. ಇನ್ನು ವಿದೇಶಿ ವಿನಿಮಯದ ಕಾಯ್ದೆ ಫೆಮಾದಲ್ಲೂ 182 ಇದೆ, ಆದ್ರೆ ಅದು ನೋಡೋದು ಹಿಂದಿನ ಹಣಕಾಸು ವರ್ಷವನ್ನ, ಮತ್ತೆ 182ಕ್ಕಿಂತ ಹೆಚ್ಚು ದಿನ ಆಗಿರಬೇಕು. ಅಂಕಿ ಒಂದೇ, ಗಡಿಯಾರ ಮೂರು. ಒಂದನ್ನ ನೋಡಿ ಇನ್ನೊಂದರ ಟೈಮ್ ಹೇಳಬೇಡಿ. ಇವತ್ತು ನಾನು ಮಾತಾಡ್ತಿರೋದು ಕಂಪನಿ ಕಾಯ್ದೆಯ ಗಡಿಯಾರ ಒಂದರ ಬಗ್ಗೆ ಮಾತ್ರ.

ದಂಡ ಎಷ್ಟು? 50,000 ರೂಪಾಯಿ, ತಪ್ಪು ಮುಂದುವರಿದಷ್ಟು ದಿನ ದಿನಕ್ಕೆ 500. ಕಂಪನಿಗೆ ಗರಿಷ್ಠ 3 ಲಕ್ಷ, ಹೊಣೆ ಇರೋ ಅಧಿಕಾರಿಗೆ ಗರಿಷ್ಠ 1 ಲಕ್ಷ. ಕೋಟಿಗಳಲ್ಲಿ ಹೂಡಿಕೆ ಬರೋ ಕಂಪನಿಗೆ ಇದು ದೊಡ್ಡ ಮೊತ್ತ ಅಲ್ಲ. ಆದ್ರೆ "ಹೊಣೆ ಇರೋ ಅಧಿಕಾರಿ" ಅನ್ನೋದರಲ್ಲಿ ಡೈರೆಕ್ಟರ್‌ಗಳೂ ಬರಬಹುದು. ಅಂದ್ರೆ ಅಂಕಲ್ ಜೇಬಿನಿಂದ. ಈ ಮಾತಿಗೆ ಆಮೇಲೆ ವಾಪಸ್ ಬರ್ತೀನಿ.

ಮಾರನೇ ದಿನ ಮಿನಿಟ್ಸ್ ಪುಸ್ತಕದ ಸ್ಕ್ಯಾನ್ ಕಳಿಸಿದ. ಅದನ್ನ ಓದ್ತಾ ಹೋದಾಗ ಎರಡನೇ ಗುಂಡಿ ಕಾಣಿಸ್ತು. ನನ್ನ ಪ್ರಕಾರ ಇದು ಮೊದಲಿನದಕ್ಕಿಂತ ಆಳ.

ಡಬ್ಲಿನ್ ಪಾರ್ಟ್‌ನರ್ ಬೋರ್ಡ್ ಮೀಟಿಂಗಿಗೆ ಕೊನೇ ಸಲ ಬಂದದ್ದು 2023ರ ನವೆಂಬರ್ 24. ಆಮೇಲೆ 2024ರ ಫೆಬ್ರವರಿ 20, ಜೂನ್ 14, ಸೆಪ್ಟೆಂಬರ್ 27, ಡಿಸೆಂಬರ್ 20, ಹೀಗೆ ನಾಲ್ಕು ಮೀಟಿಂಗ್ ನಡೆದಿವೆ. ವರ್ಷಕ್ಕೆ ಕನಿಷ್ಠ ನಾಲ್ಕು, ಎರಡು ಮೀಟಿಂಗ್ ನಡುವೆ 120 ದಿನಕ್ಕಿಂತ ಹೆಚ್ಚು ಅಂತರ ಇರಬಾರದು ಅನ್ನೋ ನಿಯಮವನ್ನ ಅವರ ಸಿಎಸ್ ಸರಿಯಾಗೇ ಪಾಲಿಸಿದ್ರು. ಸಣ್ಣ ಕಂಪನಿಗಳಿಗೆ ವರ್ಷಕ್ಕೆ ಎರಡು ಮೀಟಿಂಗ್ ಸಾಕು ಅನ್ನೋ ರಿಯಾಯಿತಿ ಇದೆ. ಆದ್ರೆ ಇನ್ನೊಂದು ಕಂಪನಿಯ ಅಧೀನ ಕಂಪನಿ ಎಷ್ಟೇ ಚಿಕ್ಕದಿದ್ರೂ ಕಾಯ್ದೆಯ ಕಣ್ಣಲ್ಲಿ ಸಣ್ಣ ಕಂಪನಿ ಅಲ್ಲ. ಇವರದ್ದು ಸಿಂಗಾಪುರದ್ದರ ಅಧೀನ. ಹಾಗಾಗಿ ಇವರಿಗೆ ನಾಲ್ಕೇ.

ಪ್ರತಿ ಮಿನಿಟ್ಸಲ್ಲೂ ಡಬ್ಲಿನ್‌ನವನ ಹೆಸರಿನ ಮುಂದೆ ಒಂದೇ ಸಾಲು: ಗೈರುಹಾಜರಿಗೆ ಅನುಮತಿ ನೀಡಲಾಯಿತು.

ಯಾಕೆ ಬರ್ಲಿಲ್ಲ ಅಂತ ಕೇಳಿದ್ರೆ ಕಾರಣ ತುಂಬಾ ಸಿಂಪಲ್. ಮೀಟಿಂಗ್ ಯಾವಾಗ್ಲೂ ಬೆಳಿಗ್ಗೆ ಹತ್ತಕ್ಕೆ. ಬೆಂಗಳೂರಿನ ಆಫೀಸ್ ಟೈಮ್. ಆಗ ಡಬ್ಲಿನ್‌ನಲ್ಲಿ ಬೇಸಿಗೆಯಾದ್ರೆ ಬೆಳಗಿನ ಜಾವ ಐದೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಅವನು ಎದ್ದು ವಾಟ್ಸಾಪ್‌ನಲ್ಲಿ "ಓಕೆ, ಗೋ ಅಹೆಡ್" ಅಂತ ಹಾಕ್ತಿದ್ದ. ಸೆಪ್ಟೆಂಬರ್‌ನಲ್ಲಿ ಒಂದ್ಸಲ ಫೋನ್ ಮಾಡಿ ಸ್ಪೀಕರ್‌ನಲ್ಲಿ ಹತ್ತು ನಿಮಿಷ ಮಾತೂ ಆಡಿದ್ದ.

ಎರಡೂ ಹಾಜರಿ ಅಲ್ಲ. ಕಾಯ್ದೆ ಒಪ್ಪೋದು ಖುದ್ದು ಬಂದು ಕೂತ್ಕೊಳ್ಳೋದನ್ನ, ಇಲ್ಲಾಂದ್ರೆ ವಿಡಿಯೊ ಕಾನ್ಫರೆನ್ಸ್ ಅಥವಾ ದೃಶ್ಯ-ಶ್ರವ್ಯ ಎರಡೂ ಇರೋ ಮಾಧ್ಯಮವನ್ನ. ಎಲ್ಲರೂ ಒಂದೇ ಸಮಯಕ್ಕೆ, ನಡುವೆ ಇನ್ನೊಬ್ಬರಿಲ್ಲದೆ, ಪರಸ್ಪರ ಮಾತಾಡೋ ಹಾಗಿರಬೇಕು. ಬರೀ ಧ್ವನಿಯ ಫೋನ್ ಕರೆ ಇದರೊಳಗೆ ಬರಲ್ಲ. ವಾಟ್ಸಾಪ್ ಮೆಸೇಜಂತೂ ಬರೋದೇ ಇಲ್ಲ. ಕಾಗದ ಸುತ್ತಾಡಿಸಿ ಸಹಿ ಪಡೆಯೋ ನಿರ್ಣಯ ಅಂತ ಒಂದಿದೆ, ಸರ್ಕ್ಯುಲರ್ ರೆಸಲ್ಯೂಷನ್. ಕೆಲವು ವಿಷಯಗಳಿಗೆ ಅದು ನಡೆಯುತ್ತೆ, ಆದ್ರೆ ಅದು ಮೀಟಿಂಗೇ ಅಲ್ಲವಾದ್ದರಿಂದ ಅದಕ್ಕೆ ಹಾಕಿದ ಸಹಿ ಹಾಜರಿಯಾಗಲ್ಲ.

ಈಗ ಸೆಕ್ಷನ್ 167. ಹನ್ನೆರಡು ತಿಂಗಳ ಅವಧಿಯಲ್ಲಿ ನಡೆದ ಎಲ್ಲಾ ಬೋರ್ಡ್ ಮೀಟಿಂಗಿಗೂ ಒಬ್ಬ ಡೈರೆಕ್ಟರ್ ಗೈರಾದ್ರೆ ಅವರ ಸ್ಥಾನ ಖಾಲಿ ಆಗುತ್ತೆ. ಗೈರಿಗೆ ಅನುಮತಿ ಕೇಳಿದ್ರೂ ಸರಿ, ಕೇಳದಿದ್ರೂ ಸರಿ. ಈ ಕೊನೇ ಮಾತೇ ಎಲ್ಲರ ಕಣ್ಣು ತಪ್ಪಿಸೋದು. 1956ರ ಹಳೇ ಕಾಯ್ದೆಯಲ್ಲಿ ಅನುಮತಿ ಪಡೆದ ಗೈರಿಗೆ ರಕ್ಷಣೆ ಇತ್ತು. ಆ ಅಭ್ಯಾಸಕ್ಕೆ ಇವತ್ತಿಗೂ ಮಿನಿಟ್ಸಲ್ಲಿ "ಅನುಮತಿ ನೀಡಲಾಯಿತು" ಅಂತ ಬರೀತಾರೆ, ಓದೋರು ಸಮಾಧಾನ ಪಟ್ಕೋತಾರೆ. 2013ರ ಕಾಯ್ದೆ ಆ ಬಾಗಿಲು ಮುಚ್ಚಿಬಿಟ್ಟಿದೆ.

ಲೆಕ್ಕ ಹಾಕಿ. ಕೊನೇ ಹಾಜರಿ ನವೆಂಬರ್ 24, 2023. ಅಲ್ಲಿಂದ ಹನ್ನೆರಡು ತಿಂಗಳಲ್ಲಿ ಮೂರು ಮೀಟಿಂಗ್ ನಡೆದಿವೆ, ಮೂರಕ್ಕೂ ಇಲ್ಲ. 2024ರ ನವೆಂಬರ್ ಕೊನೆಗೆ ಅವನು ಡೈರೆಕ್ಟರ್ ಆಗಿ ಉಳಿದಿರಲಿಲ್ಲ. ಯಾರೂ ತೆಗೆದು ಹಾಕಲಿಲ್ಲ, ಪತ್ರ ಬರಲಿಲ್ಲ, ಎಂಸಿಎ ಪೋರ್ಟಲ್‌ನಲ್ಲಿ ಹೆಸರು ಹಾಗೇ ಇತ್ತು. ಕಾಯ್ದೆಯ ಪ್ರಕಾರ ಮಾತ್ರ ಕುರ್ಚಿ ಖಾಲಿ. ತನ್ನ ಸ್ಥಾನ ಹೋಗಿದೆ ಅಂತ ಗೊತ್ತಿದ್ದೂ ಡೈರೆಕ್ಟರ್ ಆಗಿ ಕೆಲಸ ಮುಂದುವರಿಸಿದ್ರೆ 1 ಲಕ್ಷದಿಂದ 5 ಲಕ್ಷದವರೆಗೆ ದಂಡ. ಇವನಿಗೆ ಗೊತ್ತಿರಲಿಲ್ಲ ಅನ್ನೋದು ನಿಜ. ಆದ್ರೆ ಲಾಯರ್‌ಗಳ ಪಟ್ಟಿ ಕೈಗೆ ಬಂದ ಕ್ಷಣದಿಂದ ಗೊತ್ತಾಗಿದೆ.

ಆ ಮೂರರಲ್ಲಿ ಒಂದೇ ಒಂದು ಮೀಟಿಂಗಿಗೆ ಲ್ಯಾಪ್‌ಟಾಪ್ ತೆರೆದು ಮುಖ ತೋರಿಸಿದ್ರೆ ಇದು ಯಾವುದೂ ಇಲ್ಲ.

ಹಾಗಾದ್ರೆ ಮುಖ ತೋರಿಸೋದು ಅಂದ್ರೆ ಏನು? ಇದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಾನು ಆಫೀಸಲ್ಲಿ ಮಾಡ್ತಿದ್ದ ಕೆಲಸವೇ ಇದು.

ಮೀಟಿಂಗಿಗೆ ಕನಿಷ್ಠ ಏಳು ದಿನ ಮೊದಲು ಎಲ್ಲಾ ಡೈರೆಕ್ಟರ್‌ಗಳಿಗೂ ನೋಟಿಸ್ ಹೋಗಬೇಕು, ಇಮೇಲಲ್ಲೂ ಕಳಿಸಬಹುದು. ವಿಡಿಯೊ ಮೂಲಕ ಸೇರೋ ಅವಕಾಶ ಇದೆ ಅಂತ ಅದರಲ್ಲೇ ತಿಳಿಸಿರಬೇಕು. ಆ ಕಡೆ ಡೈರೆಕ್ಟರ್ ಕೂಡ ನಾನು ವಿಡಿಯೊದಲ್ಲಿ ಬರ್ತೀನಿ ಅಂತ ಮೊದಲೇ ತಿಳಿಸಬೇಕು. ತಿಳಿಸದಿದ್ರೆ ಖುದ್ದು ಬರ್ತಾರೆ ಅಂತಲೇ ಲೆಕ್ಕ. ಹೊರದೇಶದಲ್ಲಿ ಇರೋರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಕ್ಯಾಲೆಂಡರ್ ವರ್ಷದ ಶುರುವಿನಲ್ಲಿ ಒಂದು ಸಲ ಬರೆದುಕೊಟ್ರೆ ಆ ಇಡೀ ವರ್ಷಕ್ಕೆ ನಡೆಯುತ್ತೆ. ಜನವರಿಯಲ್ಲಿ ಒಂದು ಇಮೇಲ್, ಅಷ್ಟೇ.

ಮೀಟಿಂಗ್ ಶುರುವಾದಾಗ ಅಧ್ಯಕ್ಷರು ಹಾಜರಿ ಕರೀತಾರೆ, ಥೇಟ್ ಸ್ಕೂಲ್ ಥರ. ವಿಡಿಯೊದಲ್ಲಿ ಇರೋ ಪ್ರತಿಯೊಬ್ಬರೂ ನಾಲ್ಕು ಮಾತು ಹೇಳಬೇಕು. ನನ್ನ ಹೆಸರು ಇದು. ನಾನು ಇಂಥ ಜಾಗದಿಂದ ಸೇರಿದೀನಿ. ಅಜೆಂಡಾ ಮತ್ತು ಕಾಗದಪತ್ರ ನನಗೆ ತಲುಪಿವೆ. ನಾನಿರೋ ಜಾಗದಲ್ಲಿ ಬೇರೆ ಯಾರೂ ಈ ಮೀಟಿಂಗ್ ಕೇಳ್ತಿಲ್ಲ, ನೋಡ್ತಿಲ್ಲ. ಈ ನಾಲ್ಕನೇ ಮಾತು ಕೇಳಿ ನಾನು ಅಂಕಲ್‌ಗೆ ಕೇಳ್ದೆ, "ಜೂನ್ ಮೀಟಿಂಗಿಗೆ ನೀವು ನ್ಯೂಜೆರ್ಸಿಯಿಂದ ಸೇರಿದ್ರಲ್ಲ, ಹೇಗಿತ್ತು?"

"ಏನ್ ಹೇಳ್ಲಪ್ಪಾ, ಅಲ್ಲಿ ಮಧ್ಯರಾತ್ರಿ ಹನ್ನೆರಡೂವರೆ. ಮಗು ಒಂದ್ಕಡೆ ಅಳ್ತಿತ್ತು, ಅಳಿಯ ಹಾಲ್ ಬಿಸಿ ಮಾಡ್ತಾ ಅಲ್ಲೇ ನಿಂತಿದ್ದ. ನಾನು ಯಾರೂ ಇಲ್ಲ ಅಂತ ಹೇಳ್ಬಿಟ್ಟೆ."

ನಗು ಬಂತು. ಆದ್ರೆ ಆ ಮಾತು ಮಿನಿಟ್ಸಿಗೆ ಹೋಗುತ್ತೆ, ರೆಕಾರ್ಡಿಂಗಲ್ಲೂ ಇರುತ್ತೆ. ಆ ರೆಕಾರ್ಡಿಂಗನ್ನ ಕನಿಷ್ಠ ಆ ವರ್ಷದ ಆಡಿಟ್ ಮುಗಿಯೋವರೆಗೆ ಜೋಪಾನ ಮಾಡಬೇಕು. ಅಳಿಯ ಅಡುಗೆಮನೆಗೆ ಹೋಗಿದ್ರೆ ಮುಗೀತಿತ್ತು.

ಮೀಟಿಂಗ್ ಆದ 15 ದಿನದೊಳಗೆ ಮಿನಿಟ್ಸ್ ಕರಡು ಎಲ್ಲರಿಗೂ ಹೋಗಬೇಕು, ಡೈರೆಕ್ಟರ್‌ಗಳು ಏಳು ದಿನದಲ್ಲಿ ತಿದ್ದುಪಡಿ ಇದ್ರೆ ಹೇಳ್ತಾರೆ, ಆಮೇಲೆ ಅದು ಪುಸ್ತಕಕ್ಕೆ ಏರುತ್ತೆ.

ಕೋರಂ? ಮೂರು ಜನರ ಬೋರ್ಡಿಗೆ ಇಬ್ಬರು ಬೇಕು. ವಿಡಿಯೊದಲ್ಲಿ ಇರೋರೂ ಕೋರಂ ಲೆಕ್ಕಕ್ಕೆ ಬರ್ತಾರೆ. ಅಂದ್ರೆ ಒಬ್ಬರು ನ್ಯೂಜೆರ್ಸಿ, ಒಬ್ಬರು ಸಿಂಗಾಪುರದಲ್ಲಿದ್ರೂ ಮೀಟಿಂಗ್ ಸರಿಯಾದ ಮೀಟಿಂಗೇ. ನೋಟಿಸ್‌ನಲ್ಲಿ ಬರೆದ ಸ್ಥಳವೇ ಮೀಟಿಂಗ್ ನಡೆದ ಸ್ಥಳ ಅಂತ ಪರಿಗಣನೆ. ಮುಂಚೆ ವಾರ್ಷಿಕ ಲೆಕ್ಕಪತ್ರ ಒಪ್ಪೋದು, ಬೋರ್ಡ್ ವರದಿ ಒಪ್ಪೋದು, ಹೀಗೆ ಕೆಲವು ವಿಷಯಗಳನ್ನ ವಿಡಿಯೊದಲ್ಲಿ ಮಾಡೋಕೆ ನಿರ್ಬಂಧ ಇತ್ತು. 2021ರ ಜೂನ್ 15ರಂದು ಆ ನಿಯಮವನ್ನೇ ತೆಗೆದುಹಾಕಿದ್ರು. ಹಳೇ ಲೇಖನ ಓದ್ಕೊಂಡು ಲೆಕ್ಕಪತ್ರಕ್ಕೆ ಸಹಿ ಹಾಕೋಕೆ ಅಂತಲೇ ಪ್ರತಿ ಸೆಪ್ಟೆಂಬರ್ ಬೆಂಗಳೂರಿಗೆ ಬರೋ ಒಬ್ಬರು ನನಗೆ ಗೊತ್ತು. ಅವರಿಗೆ ಹೇಳಿದೀನಿ. ಆದ್ರೂ ಬರ್ತಾರೆ, ಮಸಾಲೆ ದೋಸೆ ತಿನ್ನೋಕೆ ಇರ್ಬೇಕು.

ಇಲ್ಲಿ ಒಂದು ಗೊಂದಲ ಬಗೆಹರಿಸಬೇಕು. ಅಂಕಲ್ ಜೂನ್, ಸೆಪ್ಟೆಂಬರ್ ಎರಡೂ ಮೀಟಿಂಗಿಗೆ ವಿಡಿಯೊದಲ್ಲಿ ಬಂದಿದ್ರು. ಹಾಜರಿ ಪಕ್ಕಾ. ಆದ್ರೆ ಆ ಹಾಜರಿ 182 ದಿನದ ಲೆಕ್ಕಕ್ಕೆ ಒಂದು ದಿನವನ್ನೂ ಸೇರಿಸಲ್ಲ. ಪಾರ್ಟ್‌ನರ್‌ಗೆ ವಿಡಿಯೊ ಇದ್ದಿದ್ರೆ ಕುರ್ಚಿ ಉಳೀತಿತ್ತು, ಅಂಕಲ್‌ಗೆ ವಿಡಿಯೊ ಇದ್ರೂ ದಿನ ಉಳೀಲಿಲ್ಲ.

ಈಗ ರಿಪೇರಿ ಕೆಲಸ. ಮಾರ್ಚ್ 31ಕ್ಕೆ ಮೂರೂವರೆ ವಾರ ಇತ್ತು. ಅವರ ಸಿಎಸ್ ಹೇಳಿದ ದಾರಿ ಇದು. ಸೆಕ್ಷನ್ 149 ಕೇಳೋದು ಕಂಪನಿಯಲ್ಲಿ 182 ದಿನ ಭಾರತದಲ್ಲಿದ್ದ ಒಬ್ಬ ಡೈರೆಕ್ಟರ್ ಇರಬೇಕು ಅಂತ. 182 ದಿನವೂ ಡೈರೆಕ್ಟರ್ ಆಗಿ ಇರಬೇಕು ಅಂತ ಅದರಲ್ಲಿ ಬರೆದಿಲ್ಲ. ಹಾಗಾಗಿ ಇಡೀ ವರ್ಷ ಬೆಂಗಳೂರಲ್ಲೇ ಇದ್ದ ಒಬ್ಬರನ್ನ ವರ್ಷ ಮುಗಿಯೋದರೊಳಗೆ ಬೋರ್ಡಿಗೆ ತಗೊಳ್ಳೋದು. ಇದು ಪದಗಳನ್ನ ಓದಿ ಮಾಡಿದ ಅರ್ಥ, ಕೋರ್ಟ್ ತೀರ್ಪಿನ ಬಲ ಇದೆ ಅಂತ ನಾನು ಹೇಳ್ತಿಲ್ಲ. ಇನ್ವೆಸ್ಟರ್ ಲಾಯರ್‌ಗಳೂ ಅದನ್ನ ಒಪ್ಪಿದ್ರು.

ಯಾರನ್ನ ತಗೊಳ್ಳೋದು? ಬೆಂಗಳೂರಿನ ಇಂಜಿನಿಯರಿಂಗ್ ಟೀಮ್ ನೋಡ್ಕೊಳ್ಳೋ ಮೇಡಂ. ಹೋದ ವರ್ಷ ದೇಶ ಬಿಟ್ಟು ಹೊರಗೆ ಹೋಗಿರಲಿಲ್ಲ. ಫ್ರೆಂಡು ಫೋನ್ ಮಾಡಿ, "ಮೇಡಂ, ಒಂದು ಸಹಿ ಅಷ್ಟೇ" ಅಂದ.

ಅವರು ಹೇಳಿದ್ದು, "ಒಂದು ಸಹಿ ಅಷ್ಟೇ ಆಗಿದ್ರೆ ನಿಮಗೆ ಇಷ್ಟು ಅರ್ಜೆಂಟ್ ಯಾಕೆ ಸರ್?"

ಆಮೇಲೆ ಅವರು ಮೂರು ವಿಷಯ ಕೇಳಿದ್ರು. ತಾನು ಮಾಡದ ತಪ್ಪಿಗೆ ದಂಡ ಬಂದ್ರೆ ಕಂಪನಿ ಭರಿಸುತ್ತೆ ಅಂತ ಬರಹದಲ್ಲಿ. ಡೈರೆಕ್ಟರ್‌ಗಳ ಹೊಣೆಗಾರಿಕೆಯ ಇನ್ಶೂರೆನ್ಸ್. ಮತ್ತೆ ಪ್ರತಿ ತಿಂಗಳು ಜಿಎಸ್‌ಟಿ, ಟಿಡಿಎಸ್, ಪಿಎಫ್ ಕಟ್ಟಿದ ರಸೀದಿಗಳ ಕಾಪಿ ತನ್ನ ಇಮೇಲಿಗೆ. ಮೂರನೇದನ್ನ ಕೇಳಿದ್ದಕ್ಕೆ ನನಗೆ ಅವರ ಮೇಲೆ ಗೌರವ ಬಂತು. ಯಾಕಂದ್ರೆ ಪ್ರೈವೇಟ್ ಕಂಪನಿ ಬಾಕಿ ಉಳಿಸಿಕೊಂಡ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಂಪನಿಯಿಂದ ವಸೂಲಾಗದಿದ್ರೆ, ಆಗ ಡೈರೆಕ್ಟರ್ ಆಗಿದ್ದವರಿಂದ ವಸೂಲಿ ಮಾಡೋಕೆ ಅವಕಾಶ ಇದೆ. ತಪ್ಪಿಸಿಕೊಳ್ಳಬೇಕು ಅಂದ್ರೆ ಅದು ನನ್ನ ಘೋರ ನಿರ್ಲಕ್ಷ್ಯದಿಂದಲೋ ಕರ್ತವ್ಯ ಲೋಪದಿಂದಲೋ ಆದದ್ದಲ್ಲ ಅಂತ ಆ ಡೈರೆಕ್ಟರೇ ತೋರಿಸಬೇಕು. ಇಬ್ಬರು ಡೈರೆಕ್ಟರ್‌ಗಳು ಹೊರದೇಶದಲ್ಲಿದ್ದು ಒಬ್ಬರು ಹಾಸನದಲ್ಲಿದ್ರೆ, ನೋಟಿಸ್ ಹಿಡ್ಕೊಂಡು ಬಂದೋರು ಮೊದಲು ಯಾರ ಮನೆ ಬಾಗಿಲು ತಟ್ಟುತ್ತಾರೆ?

ಫ್ರೆಂಡು ಇದನ್ನ ಅಪ್ಪನಿಗೆ ಯಾವತ್ತೂ ಹೇಳಿರಲಿಲ್ಲ. ಅವನಿಗೇ ಗೊತ್ತಿರಲಿಲ್ಲ. ನಲವತ್ತು ವರ್ಷ ಬ್ಯಾಂಕಲ್ಲಿ ಸಾವಿರಾರು ಜನರಿಗೆ "ಓದಿ ಸಹಿ ಮಾಡಿ" ಅಂದಿರೋ ಅಂಕಲ್, ಮಗನ ಕಾಗದ ಓದದೆ ಸಹಿ ಮಾಡಿದ್ರು. ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ, "ನಾನು ಮೊಮ್ಮಗು ನೋಡೋಕೆ ಹೋಗಿದ್ದಕ್ಕೆ ಕಂಪನಿಗೆ ದಂಡನಾ?" ತಮ್ಮ ದುಡ್ಡಿನ ಬಗ್ಗೆ ಕೇಳಲೇ ಇಲ್ಲ. ಅದನ್ನ ಹೇಳುವಾಗ ಫ್ರೆಂಡಿನ ಗಂಟಲು ಕಟ್ಟಿತ್ತು.

ದುಡ್ಡು ಕೊಟ್ರೆ ರೆಸಿಡೆಂಟ್ ಡೈರೆಕ್ಟರ್ ಒದಗಿಸೋ ಸೇವೆಗಳೂ ಇವೆ. ಕೆಲವರಿಗೆ ಅದೇ ಸರಿ. ಆದ್ರೆ ಅಲ್ಲೂ ಆ ವ್ಯಕ್ತಿ ಎಷ್ಟು ದಿನ ದೇಶದಲ್ಲಿದ್ರು ಅಂತ ನೀವೇ ಕೇಳಬೇಕು. ಮತ್ತೆ ಮನೆಯವರು ಕೇಳದ ಪ್ರಶ್ನೆಗಳನ್ನೆಲ್ಲ ಅವರು ಮೊದಲೇ ಕೇಳ್ತಾರೆ, ಅದಕ್ಕೇ ಫೀಸು.

ಮಾರ್ಚ್ 17ಕ್ಕೆ ಬೋರ್ಡ್ ಮೀಟಿಂಗ್ ಇಟ್ರು. ಏಳು ದಿನದ ನೋಟಿಸ್ ಆಗಿತ್ತು. ಕೋರಂಗೆ ಉಳಿದಿದ್ದದ್ದು ಇಬ್ಬರೇ, ಅಪ್ಪ ಮತ್ತು ಮಗ. ಮೊದಲು, ಡಬ್ಲಿನ್‌ನವನ ಸ್ಥಾನ ನವೆಂಬರ್‌ನಲ್ಲೇ ಖಾಲಿಯಾಗಿದೆ ಅಂತ ದಾಖಲಿಸಿದ್ರು. ಆಮೇಲೆ ಮೇಡಂ ಮತ್ತು ಅದೇ ಡಬ್ಲಿನ್‌ನವನು ಇಬ್ಬರನ್ನೂ ಹೆಚ್ಚುವರಿ ಡೈರೆಕ್ಟರ್ ಆಗಿ ನೇಮಿಸಿದ್ರು. ಗೈರಿನಿಂದ ಕುರ್ಚಿ ಹೋಗೋದು ಅನರ್ಹತೆ ಅಲ್ಲ, ಮತ್ತೆ ನೇಮಿಸಬಹುದು. ಹೆಚ್ಚುವರಿ ಡೈರೆಕ್ಟರ್ ಮುಂದಿನ ವಾರ್ಷಿಕ ಮಹಾಸಭೆಯವರೆಗೆ ಇರ್ತಾರೆ, ಅಲ್ಲಿ ಷೇರುದಾರರು ಒಪ್ಪಬೇಕು. ಡಿಐಆರ್-12 ಫಾರ್ಮ್ ಬದಲಾವಣೆಯಾದ 30 ದಿನದೊಳಗೆ ಹೋಗಬೇಕು. ನೇಮಕದ್ದು ಟೈಮಿಗೆ ಹೋಯ್ತು. ನವೆಂಬರ್‌ನಲ್ಲಿ ಕುರ್ಚಿ ಖಾಲಿಯಾದದ್ದಕ್ಕೆ ಮಾತ್ರ ತಡದ ಶುಲ್ಕ ಸೇರಿಸಿ ಕಟ್ಟಿದ್ರು. ಆ ನಡುವೆ ಅವನು ಡೈರೆಕ್ಟರ್ ಅಂತ ಹಾಕಿದ್ದ ಸಹಿಗಳನ್ನ ಪಟ್ಟಿ ಮಾಡಿ ಹೊಸ ಬೋರ್ಡ್ ಮುಂದೆ ಇಟ್ಟು ಸ್ಥಿರೀಕರಿಸಿದ್ರು. ಇನ್ವೆಸ್ಟರ್‌ಗಳ ದುಡ್ಡು ಬಂತು, ಐದು ವಾರ ತಡವಾಗಿ. ಆ ಐದು ವಾರ ಬೆಂಗಳೂರಿನ ಸಂಬಳಕ್ಕೆ ಫ್ರೆಂಡು ಸಾಲ ಮಾಡಿದ್ದ. ಅದರ ಬಡ್ಡಿ ಎಲ್ಲಾ ದಂಡಕ್ಕಿಂತ ಜಾಸ್ತಿ ಆಯ್ತು ಅಂತ ಈಗಲೂ ಗೊಣಗ್ತಾನೆ.

ಈಗ ಅವರ ಮೀಟಿಂಗ್ ಸಂಜೆ ಆರೂವರೆಗೆ. ಆಗ ಸಿಂಗಾಪುರದಲ್ಲಿ ರಾತ್ರಿ ಒಂಬತ್ತು, ಡಬ್ಲಿನ್‌ನಲ್ಲಿ ಮಧ್ಯಾಹ್ನ ಒಂದೋ ಎರಡೋ. ಅಕ್ಕನ ಮನೆಯಲ್ಲಿ ಅಂಕಲ್ ಇದ್ರೂ ಅಲ್ಲಿ ಬೆಳಿಗ್ಗೆ ಎಂಟೋ ಒಂಬತ್ತೋ. ಇನ್ನೊಂದು ಎಕ್ಸೆಲ್ ಶೀಟ್ ಇದೆ, ಪ್ರತಿ ಡೈರೆಕ್ಟರ್‌ಗೆ ಎರಡು ಕಾಲಂ: ಏಪ್ರಿಲ್ 1ರಿಂದ ಭಾರತದಲ್ಲಿ ಎಷ್ಟು ದಿನ, ಕೊನೇ ಸಲ ಮೀಟಿಂಗಿಗೆ ಬಂದ ದಿನಾಂಕ. ಟಿಕೆಟ್ ಬುಕ್ ಮಾಡೋ ಮೊದಲು ಅದರಲ್ಲಿ ಹಾಕಬೇಕು ಅಂತ ನಿಯಮ.

ಅಂಕಲ್ ಇನ್ನೂ ಡೈರೆಕ್ಟರೇ. ಮಗ ಬಿಟ್ಟುಬಿಡಿ ಅಂದ, ಅವರು ಒಪ್ಪಲಿಲ್ಲ. ಮೊನ್ನೆ ಮೀಟಿಂಗಲ್ಲಿ ಹಾಜರಿ ಕರೆದಾಗ ಹೆಸರು ಹೇಳಿ, ಹಾಸನ ಅಂತ ಹೇಳಿ, ಕಾಗದ ಬಂದಿದೆ ಅಂತ ಹೇಳಿ, ನಾಲ್ಕನೇ ಮಾತಿಗೆ ಮುಂಚೆ ಎದ್ದು ಹೋಗಿ ಬಾಗಿಲು ಹಾಕ್ಕೊಂಡು ಬಂದ್ರಂತೆ. ಆಮೇಲೆ ಕೂತು, ಅಜೆಂಡಾದ ಮೂರನೇ ವಿಷಯದಲ್ಲಿ ಜಿಎಸ್‌ಟಿ ರಸೀದಿ ಲಗತ್ತಿಸಿಲ್ಲ ಅಂತ ಆಕ್ಷೇಪ ಎತ್ತಿದ್ರಂತೆ.